ಯಂತ್ರ ಹೇಳಿದ ಪಾಯಿಂಟ್ ಐದು

ಬೀದರದ ಆ ಆಸ್ಪತ್ರೆಯಲ್ಲಿ ಡಾಕ್ಟರ್ ಮಚ್ಛೇಂದ್ರನ ಮುಖ ಕಂಡ ರೋಗಿ ಒಬ್ಬರೂ ಇರಲಿಲ್ಲ. ರೋಗಿಯ ರಕ್ತ ಅವನ ಕಡೆ ಬರುತ್ತಿತ್ತು. ಮೂತ್ರ, ಕೀವು, ಕಫ ಬರುತ್ತಿದ್ದವು. ರೋಗಿ ಮಾತ್ರ ಬರುತ್ತಿರಲಿಲ್ಲ. ಜನರೇಟರ್ ಶೆಡ್ಡಿನ ಹಿಂದೆ, ಬಿಸಿಲು ನೇರ ಬಡಿಯುವ ಎರಡು ಕೋಣೆಗಳ ಲ್ಯಾಬು ಅವನದು. ಯಾವ ರೋಗಾಣು, ಅದನ್ನು ಯಾವ ಔಷಧಿ ಕೊಲ್ಲುತ್ತದೆ ಎಂದು ಬರೆದು ಸಹಿ ಮಾಡಿ ಮೇಲಿನ ವಾರ್ಡಿಗೆ ಕಳಿಸುವುದು ಅವನ ಕೆಲಸ. ಅಲ್ಲಿದ್ದ ಇಬ್ಬರು ಟೆಕ್ನಿಶಿಯನ್ನರು ಹೈದರಾಬಾದಿನ ಖಾಸಗಿ ಲ್ಯಾಬುಗಳಿಗೆ ಹೋಗಿ ವರ್ಷವಾಗಿತ್ತು. ಅವರ ಜಾಗಕ್ಕೆ ಯಾರನ್ನೂ ತುಂಬಿರಲಿಲ್ಲ. ಕೇಳಿದರೆ ಆಡಳಿತದವರು ಯಂತ್ರ ಕೊಡಿಸಿದ್ದೇವಲ್ಲ ಎನ್ನುತ್ತಿದ್ದರು. ಮನುಷ್ಯನ ಬದಲಿಗೆ ಯಂತ್ರ ಕೊಟ್ಟು ಅದನ್ನೇ ಉಪಕಾರವೆಂದು ನೆನಪಿಸುವವರು ಎಲ್ಲಾ ಕಡೆ ಒಂದೇ ಥರ ಇರುತ್ತಾರೆ.

ಅದು ಮಳೆ ಕೈಕೊಟ್ಟ ಎರಡನೆಯ ವರ್ಷ. ಔರಾದ, ಭಾಲ್ಕಿ ಕಡೆಯ ಜನ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಗಾರೆ ಕೆಲಸಕ್ಕೆ ಹೈದರಾಬಾದಿಗೆ ಹೋಗಿದ್ದರು. ಮಚ್ಛೇಂದ್ರ ಬಾಡಿಗೆಗಿದ್ದ ಕೋಣೆ ಧಾನ್ಯಪೇಟೆ ಗಾಂಧಿ ಗಂಜಿನ ಒಂದು ಅಡತಿ ಅಂಗಡಿಯ, ಅಂದರೆ ದಲ್ಲಾಳಿ ಮಳಿಗೆಯ, ಮೇಲಿತ್ತು. ತೊಗರಿ ಬಾರದ ಗಂಜಿನಲ್ಲಿ ಹಮಾಲರೂ ಇಲ್ಲ, ಲಾರಿಯೂ ಇಲ್ಲ. ಮೊದಲೆಲ್ಲ ಕೆಳಗಿನ ಗದ್ದಲಕ್ಕೆ ಓದಲಾಗುವುದಿಲ್ಲವೆಂದು ಬಯ್ಯುತ್ತಿದ್ದವನಿಗೆ ಈಗ ಆ ಮೌನದಲ್ಲಿ ಪುಸ್ತಕ ತೆರೆಯಲೂ ಮನಸ್ಸಾಗುತ್ತಿರಲಿಲ್ಲ. ಅವನ ಅಪ್ಪ ಅವ್ವ ತೀರಿಹೋಗಿದ್ದರು. ಔರಾದ ತಾಲೂಕಿನ ಅವನ ಮನೆಗೆ ಬೀಗ ಬಿದ್ದಿತ್ತು. ಅಣ್ಣ ಪುಣೆಯಲ್ಲಿ ವಾಚಮನ್. ಫೋನು ಬರುತ್ತಿದ್ದುದು ವಾರ್ಡಿನಿಂದ ಮಾತ್ರ, ಅದೂ ರಿಪೋರ್ಟು ಕೇಳಲು.

ಹಾಗೆ ಬಂದ ರಕ್ತದ ಬಾಟಲಿಗಳಲ್ಲಿ ಒಂದರ ಮೇಲೆ ಕೇಶರಬಾಯಿ, ಡಾಬಕಾ ಎಂದು ಬರೆದಿತ್ತು, ಔರಾದ ಕಡೆಯ ಹಳ್ಳಿ. ನಲವತ್ತೈದರ ಆಸುಪಾಸಿನ ಹೆಂಗಸು. ಚಳಿಜ್ವರ, ಸೊಂಟನೋವು, ಮೂತ್ರದಲ್ಲಿ ಕೀವು. ರೋಗ ಕಿಡ್ನಿಯಿಂದ ರಕ್ತಕ್ಕೆ ಏರಿದೆಯೆಂದು ವಾರ್ಡಿನ ದೊಡ್ಡ ಡಾಕ್ಟರು ಅಬ್ದುಲ ಸಮದ ಅಂದಾಜು ಮಾಡಿದ್ದರು. ಹಿಂದೆ ಎಲ್ಲಾದರೂ ಆಸ್ಪತ್ರೆ ಸೇರಿದ್ದಳೇ ಎಂಬ ಪ್ರಶ್ನೆಯ ಮುಂದೆ ಇಲ್ಲ ಎಂದಿತ್ತು.

ರೋಗಾಣು ಯಾವುದೆಂದು ತಿಳಿಯಲು ಎರಡು ಮೂರು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ರೋಗಿ ಕಾಯುವುದಿಲ್ಲ. ಅದಕ್ಕೇ ವಾರ್ಡಿನ ಗೋಡೆಗೆ ಮಚ್ಛೇಂದ್ರ ಒಂದು ಆಂಟಿಬಯೋಗ್ರಾಂ ಅಂಟಿಸಿದ್ದ. ಹೋದ ವರ್ಷ ಈ ಆಸ್ಪತ್ರೆಯ ರೋಗಿಗಳಲ್ಲಿ ಸಿಕ್ಕ ರೋಗಾಣುಗಳನ್ನೆಲ್ಲ ಲೆಕ್ಕಹಾಕಿ, ನೂರರಲ್ಲಿ ಎಷ್ಟು ಯಾವ ಔಷಧಿಗೆ ಬಗ್ಗಿದವು ಎಂದು ತೋರಿಸುವ ತಖ್ತೆ ಅದು. ಸಮದ ಸಾಹೇಬರು ಅದರ ಮುಂದೆ ನಿಂತು, ಊರಿಂದ ನೇರ ಬಂದ ಹೆಂಗಸು, ಮೂತ್ರದ ರೋಗಾಣು, ಪಿಪೆರಾಸಿಲಿನ್ ಟಾಜೊಬ್ಯಾಕ್ಟಮ್ ನೂರಕ್ಕೆ ಎಂಬತ್ತು ಎಂದು ಓದಿ ಅದನ್ನೇ ಶುರುಮಾಡಿದರು. ಅವರು ಓದಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಕೇಶರಬಾಯಿಯ ಮೈಯಲ್ಲಿದ್ದ ರೋಗಾಣು ಆ ತಖ್ತೆಯ ನೂರರಲ್ಲಿ ಒಂದಾಗಿರಲಿಲ್ಲ. ಅದು ಯಾರಿಗೂ ಗೊತ್ತಿರಲಿಲ್ಲ.

ಎರಡು ದಿನ ಕಳೆದರೂ ಜ್ವರ ಇಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಯಂತ್ರದ ಉತ್ತರ ಬಂತು. ರೋಗಾಣು ಕ್ಲೆಬ್ಸಿಯೆಲ್ಲಾ. ಕೆಳಗೆ ಔಷಧಿಗಳ ಸಾಲು. ಪ್ರತಿಯೊಂದರ ಮುಂದೆ ಎಂಐಸಿ, ಅಂದರೆ ಆ ರೋಗಾಣು ಬೆಳೆಯದಂತೆ ತಡೆಯಲು ಬೇಕಾದ ಅತಿ ಕಡಿಮೆ ಔಷಧಿಯ ಪ್ರಮಾಣ. ಅದರ ಪಕ್ಕ ಒಂದು ಅಕ್ಷರ. ಎಸ್ ಅಂದರೆ ಬಗ್ಗುತ್ತದೆ, ಆರ್ ಅಂದರೆ ಬಗ್ಗುವುದಿಲ್ಲ, ಐ ಅಂದರೆ ನಡುವೆ. ಮಚ್ಛೇಂದ್ರ ಓದುತ್ತಾ ಹೋದ. ಸೆಫ್ಟ್ರಿಯಾಕ್ಸೋನ್ ಆರ್. ಪಿಪೆರಾಸಿಲಿನ್ ಟಾಜೊಬ್ಯಾಕ್ಟಮ್ ನೂರಿಪ್ಪತ್ತೆಂಟಕ್ಕೂ ಮೇಲೆ, ಆರ್. ಸಿಪ್ರೊಫ್ಲಾಕ್ಸಾಸಿನ್ ಆರ್. ಅಮಿಕಾಸಿನ್ ಆರ್. ಮೆರೊಪೆನೆಮ್ ಎರಡು, ಐ. ಕಡೆಗೆ ಕೊಲಿಸ್ಟಿನ್ ಪಾಯಿಂಟ್ ಐದು, ಎಸ್.

ಅವನ ಬೆರಳು ಅಲ್ಲಿ ನಿಂತಿತು. ಕೊಲಿಸ್ಟಿನ್ ಮಟ್ಟಿಗೆ ಯಂತ್ರವನ್ನು ನಂಬಬೇಡಿ, ಬಗ್ಗದ ರೋಗಾಣುವನ್ನೂ ಅದು ಬಗ್ಗುತ್ತದೆ ಎಂದುಬಿಡುತ್ತದೆ, ದ್ರವದಲ್ಲಿ ಕೈಯಿಂದಲೇ ಪರೀಕ್ಷೆ ಮಾಡಿ ಎಂದು ದೊಡ್ಡ ಸಂಸ್ಥೆಗಳು ಹೇಳಿ ಎರಡು ವರ್ಷವಾಗಿತ್ತು. ಅದಕ್ಕೆ ಬೇಕಾದ ಪುಡಿಯನ್ನು ಮಚ್ಛೇಂದ್ರ ಹಟಹಿಡಿದು ತರಿಸಿದ್ದ. ಪುಡಿಯ ಶೀಶೆ ಫ್ರಿಜ್ಜಿನಲ್ಲಿ ಮುಚ್ಚಳ ತೆಗೆಯದೆ ಕುಳಿತಿತ್ತು. ಒಬ್ಬನೇ ಮನುಷ್ಯ ಯಾವುದನ್ನೆಂದು ಮಾಡಬೇಕು?

ಅಷ್ಟರಲ್ಲಿ ಫೋನು ಬಂತು.

"ಮಚ್ಛೇಂದ್ರ, ಡಾಬಕಾ ಪೇಶಂಟಿಂದು ಬಂತೇನ್ರಿ?" ಸಮದ ಸಾಹೇಬರ ದನಿ. "ಬಿಪಿ ಇಳೀಲತಾದ. ಏನಾರ ಒಂದು ಹೇಳ್ರಿ."

"ಬಂದದ್ರಿ ಸರ್. ಎಲ್ಲಾ ಆರ್ ಅದ. ಮೆರೊಪೆನೆಮ್ ಎರಡು, ಐ. ಕೊಲಿಸ್ಟಿನ್ ಪಾಯಿಂಟ್ ಐದು, ಎಸ್. ಖರೇ ಆದ್ರ..."

"ಪಾಯಿಂಟ್ ಐದು! ಮೆರೊಪೆನೆಮ್ ಎರಡು. ಅಂದ್ರ ಕೊಲಿಸ್ಟಿನ್ ನಾಕ್ ಪಟ್ಟು ಜೋರ್ ಅದ."

"ಹಂಗ ಇಲ್ರಿ ಸರ್. ಒಂದು ಔಷಧಿ ನಂಬರ್ ಇನ್ನೊಂದಕ್ಕ ಹಚ್ಚಿ ನೋಡಬಾರದು. ಒಂದೊಂದಕ್ಕ ಒಂದೊಂದು ಗಡಿ ಅದ. ಮೆರೊಪೆನೆಮ್ ಗಡಿ..."

"ಅರೆ ಮಿಯಾ, ಪಾಠ ಸಂಜಿಕಡಿ ಹೇಳ್ರಿ. ಎಸ್ ಅದನೋ ಇಲ್ಲೋ?"

"ಎಸ್ ಅದ್ರಿ, ಆದ್ರ..."

"ಬಸ್. ಸಹಿ ಮಾಡಿ ಕಳಸ್ರಿ."

ಫೋನು ಕಟ್ಟಾಯಿತು. ಸಮದ ಸಾಹೇಬರು ಕೆಟ್ಟವರಲ್ಲ. ಎರಡು ವಾರ್ಡಿಗೆ ಒಬ್ಬರೇ. ಮಧ್ಯಾಹ್ನದ ನಮಾಜು ಮುಗಿಸಿ ಟಿಫಿನ್ ಡಬ್ಬಿ ತೆಗೆದರೆ ಮುಚ್ಚುವುದರೊಳಗೆ ಮೂರು ಜನ ಕರೆಯುತ್ತಿದ್ದರು. ಮಚ್ಛೇಂದ್ರ ಆ 'ಆದ್ರ' ಎಂಬ ಮಾತನ್ನು ಮತ್ತೆ ಫೋನು ಹಚ್ಚಿ ಹೇಳಬಹುದಿತ್ತು. ಹೇಳಲಿಲ್ಲ. ಸಹಿ ಮಾಡಿದ. ಅವನ ಸಹಿ ಮೇಲಕ್ಕೆ ಹೋಯಿತು, ಅವನು ಕೆಳಗೇ ಉಳಿದ.

ಕೊಲಿಸ್ಟಿನ್ ಹಳೆಯ, ಒರಟು ಔಷಧಿ. ಕಿಡ್ನಿಗೆ ಹೊಡೆತ ಕೊಡುತ್ತದೆಂದು ಒಂದು ಕಾಲಕ್ಕೆ ಮೂಲೆಗೆ ಎಸೆದದ್ದನ್ನು ಬೇರೆ ದಾರಿಯಿಲ್ಲದೆ ಮತ್ತೆ ಎತ್ತಿಕೊಂಡಿದ್ದರು. ಎರಡು ದಿನ ಅದು ಕೇಶರಬಾಯಿಯ ನರಕ್ಕೆ ಹರಿಯಿತು. ಜ್ವರ ಇದ್ದಲ್ಲೇ ಇತ್ತು. ಕಿಡ್ನಿಯ ದಣಿವು ತೋರಿಸುವ ಕ್ರಿಯಾಟಿನಿನ್ ಒಂದರ ಹತ್ತಿರವಿದ್ದದ್ದು ಎರಡು ದಾಟಿತು. ವಾರ್ಡಿನ ಸಿಸ್ಟರ್ ಕುಬರಾ ಹೊಸ ರಕ್ತದ ಬಾಟಲಿ ಕೆಳಗೆ ಕಳಿಸಿ ಫೋನಿನಲ್ಲಿ ಹೇಳಿದಳು.

"ಡಾಕ್ಟರ್ ಸಾಬ್, ಈ ಅಮ್ಮಂದು ಇನ್ನೊಮ್ಮೆ ನೋಡ್ರಿ. ಔಷಧಿ ಒಳಗ ಹೋಗ್ಲತಾದ, ಗುಣ ಹೊರಗ ಬರ್ವಲ್ದು."

ಹಳೆಯ ಬಾಟಲಿಯ ರೋಗಾಣು ತಟ್ಟೆಯ ಮೇಲೆ ದಪ್ಪಗೆ, ಲೋಳೆಲೋಳೆಯಾಗಿ ಬೆಳೆದು ಕುಳಿತಿತ್ತು. ಮಚ್ಛೇಂದ್ರ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ನಿಂತ. ಡಾಬಕಾದ ಹೊಲದಲ್ಲಿದ್ದ ಹೆಂಗಸಿಗೆ ಇಂಥದ್ದು ಅಂಟುವುದಿಲ್ಲ. ಇದು ಆಸ್ಪತ್ರೆಯಲ್ಲಿ ಪಳಗಿದ ರೋಗಾಣು. ಒಂದರ ಮೇಲೊಂದು ಔಷಧಿ ಕುಡಿದು ಬದುಕಿದ್ದು. ಇದು ಎಲ್ಲಿಂದ ಬಂತೆಂದು ಕಾಗದ ಹೇಳುತ್ತಿಲ್ಲ. ಹೇಳಬಲ್ಲವಳು ಒಬ್ಬಳೇ.

ಅವನು ಕೈಗವಸು ಕಳಚಿ ಮೆಟ್ಟಿಲು ಹತ್ತಿದ. ವಾರ್ಡಿನಲ್ಲಿ ಕುಬರಾ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾ ಅಲ್ಲಾ! ಲ್ಯಾಬಿನ ಡಾಕ್ಟರ್ ನೀವೇನ್ರಿ? ದನಿ ಕೇಳಿ ಮುದುಕ ಇರ್ಬೇಕು ಅಂದಿದ್ದೆ."

"ಒಬ್ಬನ ಇದ್ದು ಇದ್ದು ದನಿ ಮುದುಕ ಆಗ್ಯಾದ್ರಿ. ಕೇಶರಬಾಯಿ ಯಾವ್ದು?"

"ಆ ಮೂಲಿ ಬೆಡ್. ಯಾರೂ ಸಂಗಡ ಇಲ್ಲ, ಪಾಪ. ನೀರು ಬೇಕಂದ್ರ ಬಾಜೂ ಪೇಶಂಟಿನವ್ರು ಕೊಡ್ಬೇಕು."

ಒಣಗಿದ ತುಟಿ, ಒಳಕ್ಕೆ ಹೋದ ಕಣ್ಣು, ಎಲೆಗಳ ಗೀರು ತುಂಬಿದ ಮುಂಗೈ. ದಿಂಬಿನ ಪಕ್ಕ ಬಟನ್ ಫೋನು. ಮಚ್ಛೇಂದ್ರ ಸ್ಟೂಲು ಎಳೆದು ಕುಳಿತ. ರೋಗಿಯ ಹತ್ತಿರ ಕೂತು ಎಷ್ಟು ವರ್ಷವಾಗಿತ್ತೋ, ಮೊದಲ ಮಾತು ಹೇಗಿರಬೇಕೆಂಬುದೇ ಹೊಳೆಯಲಿಲ್ಲ.

"ಅವ್ವಾ, ನಾನೂ ಔರಾದ ಕಡಿಯವ್ನ."

ಅವಳು ಕಣ್ಣು ತೆರೆದಳು. "ಯಾ ಊರಪ್ಪ?"

ಅವನು ಹೇಳಿದ.

"ಆ ಊರಾಗ ಯಾರ್ ಉಳದಾರ ಈಗ?"

"ಯಾರೂ ಇಲ್ಲ. ಕೈಮ್ಯಾಲ ಗೀರು ಕಬ್ಬಿಂದವಲ್ಲ? ನೀವು ಊರಾಗ ಇದ್ದಿಲ್ಲ."

ಅವಳು ಕೈಯನ್ನು ಸೆರಗಿನ ಕೆಳಗೆ ಎಳೆದುಕೊಂಡಳು. "ಮಗ ಮಾಣಿಕ, ನಾ, ಇಬ್ಬರದೂ ಕೂಡಿ ಒಂದ್ ಕೊಯ್ತಾ, ಒಂದ್ ಜೋಡಿ ಕೂಲಿ. ಅವ ಕಡೀತಾನ, ನಾ ಕಬ್ಬಿನ ಹೊರಿ, ಮೋಳಿ, ಕಟ್ತೇನಿ. ನಾ ಬಿದ್ದ ಮ್ಯಾಲ ನಮ್ಮನ್ನ ಕೂಲಿಗಿ ಕರ್ಕೊಂಡ್ ಹೋದ ಮುಕಾದಮ ಮಾಣಿಕನ್ನ ಬಿಡ್ಲಿಲ್ಲ. ಕೊಯ್ತಾ ಅರ್ಧ ಆಗ್ಯಾದ, ನೀನೂ ಹೋದ್ರ ಹ್ಯಾಂಗ ಅಂದ. ನನ್ನ ಜೀಪಿನಾಗ ಕುಂಡ್ರಿಸಿ ಕಳಸ್ಯಾರ."

"ಅಲ್ಲಿ ದವಾಖಾನಿಗಿ ಹಾಕಿದ್ರೇನು?"

ಅವಳು ಸೂರಿನ ಫ್ಯಾನು ನೋಡಿದಳು.

"ಅವ್ವಾ, ಹೇಳ್ಬೇಕು. ನಿಮಗ ಹಚ್ಚಿದ ಔಷಧಿ ಹತ್ತವಲ್ದು. ಯಾಕಂತ ನನಗ ತಿಳಿಬೇಕು."

"ಹೇಳಿದ್ರ ತೆಗದ್ ಹಾಕ್ತೀರಿ."

"ಎಲ್ಲಿಂದ?"

"ಇಲ್ಲಿಂದ." ಅವಳ ಸಣ್ಣ ದನಿಯಲ್ಲಿ ಸಿಟ್ಟಿತ್ತು. "ಮೊದ್ಲ ಭಾಲ್ಕ್ಯಾಗ ಒಂದು ದವಾಖಾನಿಗಿ ಹೋಗಿದ್ದೆ. ಖರೇ ಹೇಳ್ದೆ, ಸಕ್ಕರಿ ಫ್ಯಾಕ್ಟರಿ ಊರಾಗ ಆಸ್ಪತ್ರ್ಯಾಗ ಇದ್ದೆ, ಮೂತ್ರಕ್ಕ ನಳಿ ಹಾಕಿದ್ರು ಅಂತ. ಅವ ಏನಂದ ಗೊತ್ತದನು? ಎಲ್ಲಿ ಸುರು ಮಾಡ್ಯಾರ ಅಲ್ಲೇ ಹೋಗು, ಅರ್ಧ ಮಾಡಿದ್ದು ನಾ ಯಾಕ ಕೈಯಾಗ ಹಿಡೀಲಿ ಅಂದ. ಬಾಗಿಲ ಹೊರಗ ಬಿಸಲಾಗ ಕುಂತಿದ್ದೆ. ಅದಕ್ಕ ಇಲ್ಲಿ ಕೇಳಿದಾಗ ಇಲ್ಲ ಅಂದೆ. ಸೀದಾ ಊರಿಂದ ಬಂದೀನಿ ಅಂದೆ. ಸುಳ್ಳ ಹೇಳ್ದೆ, ಹಾಸಿಗಿ ಸಿಕ್ತು."

ಖರೇ ಹೇಳಿದವಳನ್ನು ಬಾಗಿಲಾಚೆ ಹಾಕಿ, ಸುಳ್ಳು ಹೇಳಿದವಳಿಗೆ ಹಾಸಿಗೆ ಕೊಟ್ಟು, ಆಮೇಲೆ ರೋಗಿಗಳು ನಿಜ ಹೇಳುವುದಿಲ್ಲವೆಂದು ಡಾಕ್ಟರುಗಳು ಕೂತಲ್ಲಿ ನಿಂತಲ್ಲಿ ದೂರುತ್ತಾರೆ.

"ಅಲ್ಲಿ ಏನು ಔಷಧಿ ಕೊಟ್ರು, ಹೆಸರು..."

"ಹೆಸರ್ ಯಾರ್ ಹೇಳ್ತಾರಪ್ಪ ನಮಗ. ಬಾಟ್ಲಿ ಹಚ್ತಿದ್ರು. ಅದು ಹಚ್ಚಿದ್ ಕೂಡ್ಲೆ ತುಟಿ ಸುತ್ತ ಜುಂ ಅಂತಿತ್ತು. ಇರಿವಿ ಹರದಾಡಿದಂಗ. ಬಾಯಿ ನಂದಲ್ಲ ಅನ್ನಿಸ್ತಿತ್ತು." ಅವಳು ನಾಲಿಗೆಯಿಂದ ತುಟಿ ಸವರಿಕೊಂಡಳು. "ಇಲ್ಲೂ ಅದೇ ಹಚ್ಲತಾರ. ಹಂಗ ಜುಂ ಅಂತದ. ಅದು ಅಲ್ಲೂ ಹತ್ತಿಲ್ಲ, ಇಲ್ಲಿ ಹ್ಯಾಂಗ ಹತ್ತೀತು?"

ಮಚ್ಛೇಂದ್ರ ಸ್ಟೂಲಿನಿಂದ ಎದ್ದುಬಿಟ್ಟ. ತುಟಿಯ ಸುತ್ತ ಜುಂ ಅನ್ನುವುದು ಕೊಲಿಸ್ಟಿನ್ನಿನ ಗುರುತು. ಫ್ಯಾಕ್ಟರಿ ಊರಿನಲ್ಲೇ ಇವಳಿಗೆ ಅದನ್ನು ಕೊಟ್ಟಿದ್ದರು. ಆ ಔಷಧಿಯಲ್ಲಿ ಈಜಿ ದಾಟಿದ ರೋಗಾಣುವೇ ಇವಳ ಜೊತೆ ಜೀಪು ಹತ್ತಿ ಬಂದಿದೆ. ಯಂತ್ರ ಅದನ್ನು ಪಾಯಿಂಟ್ ಐದು ಎಂದಿದೆ. ಅವನು ಸಹಿ ಹಾಕಿದ್ದಾನೆ. ಆ ಸಹಿಯ ಜೋರಿನ ಮೇಲೆ ಈಗ ಇವಳ ಕಿಡ್ನಿ ಸಾಯುತ್ತಿದೆ.

"ಎಲ್ಲಿ ಹೊಂಟಿ?" ಎಂದಳು ಕೇಶರಬಾಯಿ. "ತೆಗದ್ ಹಾಕ್ಲಾಕ ಹೇಳ್ತಿಯೇನು?"

"ಇಲ್ಲವ್ವ. ಆ ಜುಂ ಅನ್ನೋದು ಬಂದ್ ಮಾಡ್ಸಾಕ ಹೊಂಟೀನಿ."

ದಾರಿಯಲ್ಲಿ ಅವನೊಳಗೆ ಇನ್ನೊಬ್ಬ ಮಾತಾಡಿದ. ನಾಳೆಯವರೆಗೆ ತಡಿ, ಪುಡಿ ಕರಗಿಸಿ ಪರೀಕ್ಷೆ ಇಡು, ಕೈಯಲ್ಲಿ ಪುರಾವೆ ಹಿಡಿದುಕೊಂಡು ಹೋಗು. ಪುರಾವೆಯಿಲ್ಲದೆ ಹೋದರೆ ನಾಳೆ ನಿನ್ನ ಪರೀಕ್ಷೆಯೂ ಪಾಯಿಂಟ್ ಐದು ಎಂದೇ ಹೇಳಿದರೆ? ರೋಗಿಯ ತುಟಿ ನಂಬಿ ಔಷಧಿ ಬಿಡಿಸಿದ ಡಾಕ್ಟರನೆಂದು ಆಸ್ಪತ್ರೆಯೆಲ್ಲ ನಗುತ್ತದೆ. ಆಮೇಲೆ ನಿನ್ನ ಯಾವ ಸಹಿಗೂ ಬೆಲೆಯಿಲ್ಲ. ಆದರೆ ನಾಳೆಯವರೆಗೆ ಇನ್ನೆರಡು ಬಾಟಲಿ ಅವಳ ಮೈಗೆ ಹೋಗುತ್ತದೆ. ಅವನು ಸಮದ ಸಾಹೇಬರ ಕೋಣೆಯ ಬಾಗಿಲು ತಳ್ಳಿದ.

ಅವರು ತಣ್ಣಗಾದ ಚಹಾ ಕುಡಿಯುತ್ತಿದ್ದರು.

"ಬರ್ರಿ, ಬರ್ರಿ! ಭೂಮಿ ಒಳಗಿಂದ ಎದ್ದು ಬಂದೀರಿ. ಏನು ವಿಶೇಷ?"

"ಕೇಶರಬಾಯಿ ಕೊಲಿಸ್ಟಿನ್ ಬಂದ್ ಮಾಡ್ರಿ ಸರ್."

ಸಾಹೇಬರು ಕಪ್ಪು ಕೆಳಗಿಟ್ಟರು. "ಯಾಕ?"

ಅವನು ಎಲ್ಲ ಹೇಳಿದ. ಫ್ಯಾಕ್ಟರಿ ಊರು, ಮೂತ್ರದ ನಳಿಗೆ, ತುಟಿಯ ಜುಮ್ಮು, ಯಂತ್ರದ ಮೇಲಿದ್ದ ಸಂಶಯ.

"ಪಾಯಿಂಟ್ ಐದು ನೀವ ಕೊಟ್ಟದ್ದು, ಮಚ್ಛೇಂದ್ರ. ಸಹಿ ನಿಮ್ಮದ ಅದ."

"ಹೌದ್ರಿ. ಆ ಸಹಿ ವಾಪಸ್ ತಗೋತೇನಿ."

"ಸಂಶಯ ಇತ್ತು ಅಂದ್ರ ಆವತ್ತ ಯಾಕ ಹೇಳ್ಲಿಲ್ಲ?"

"ಹೇಳಬೇಕಿತ್ರಿ. ನೀವು ಬಸ್ ಅಂದ್ರಿ, ನಾ ಸುಮ್ಮನಾದೆ. ನೀವು ಅಂದ್ರಿ ಅನ್ನೋದು ನೆವ. ಸುಮ್ಮನಾದದ್ದು ನಾನ."

ಸಮದ ಸಾಹೇಬರು ಗಡ್ಡ ಕೆರೆದುಕೊಂಡರು.

"ಸರಿ, ಬಂದ್ ಮಾಡ್ತೇನಿ. ಬದ್ಲಿ ಏನ್ ಕೊಡ್ಲಿ? ನೀರ ಕೊಡ್ಲೇನು? ಹೈದರಾಬಾದಿನಾಗ ಹೊಸಾ ಔಷಧಿ ಅದ ಅಂತಾರ. ಅದು ಇಲ್ಲಿ ಬರೂತನಕ ಈಕಿ ಇರಂಗಿಲ್ಲ, ಅಲ್ಲಿತನಕ ಈಕಿ ಹೋಗಂಗಿಲ್ಲ."

"ಮೆರೊಪೆನೆಮ್ ಕೊಡ್ರಿ."

"ಅದಕ್ಕ ಐ ಬರ್ದೀರಿ! ನಡುವ. ಎಸ್ ಅಂದದ್ದೇ ಸುಳ್ಳಾದ ಮ್ಯಾಲ ಐ ನಂಬಲೇನು?"

"ಅಕ್ಷರ ಬಿಡ್ರಿ ಸರ್, ನಂಬರ್ ನೋಡ್ರಿ. ಮೆರೊಪೆನೆಮ್ ವಿಷಯಕ್ಕ ಯಂತ್ರ ಸುಳ್ಳ ಹೇಳಂಗಿಲ್ಲ, ನಾ ಔಷಧಿ ಸವರಿದ ಪಟ್ಟಿ ತಟ್ಟಿ ಮ್ಯಾಲ ಇಟ್ಟೂ ನೋಡೀನಿ, ಎರಡೇ ಬಂದದ. ಒಂದಕ್ಕಿದ್ರ ಎಸ್, ನಾಕ್ ಆದ್ರ ಆರ್. ಇದು ಎರಡು. ಐ ಅಂದ್ರ ಆಗಂಗಿಲ್ಲ ಅಂತಲ್ಲ. ಯಾವಾಗ್ಲೂ ಕೊಡೋ ಹಂಗ ಕೊಟ್ರ ಆಗಂಗಿಲ್ಲ ಅಂತ."

"ಮತ್ತ ಹ್ಯಾಂಗ ಕೊಡೂದು?"

"ಡೋಸ್ ದೊಡ್ಡದು, ಕೊಡೂದು ನಿಧಾನ. ಈ ಔಷಧಿ ರಕ್ತದಾಗ ಎಷ್ಟ್ ಮ್ಯಾಲ ಏರ್ತದ ಅನ್ನೂದು ಮುಖ್ಯ ಅಲ್ರಿ. ಆ ಎರಡರ ಗೆರಿ ಮ್ಯಾಲ ಎಷ್ಟ್ ಹೊತ್ತು ನಿಲ್ತದ ಅನ್ನೂದು ಮುಖ್ಯ. ಅರ್ಧ ತಾಸಿನಾಗ ಬಿಟ್ರ ಭರ್ ಅಂತ ಏರಿ ಇಳದ್ ಬಿಡ್ತದ. ಮೂರ್ ತಾಸು ಎಳದ್ ಬಿಟ್ರ ನಿಲ್ತದ."

ಸಾಹೇಬರು ಕಿಟಕಿಯ ಹೊರಗೆ ನೋಡಿದರು. ಟ್ಯಾಂಕರಿನ ಹತ್ತಿರ ಆಸ್ಪತ್ರೆಯ ಆಯಾಗಳು ಕೊಡ ಹಿಡಿದು ಜಗಳವಾಡುತ್ತಿದ್ದರು.

"ಈ ಕಾವಿನಾಗ ಕಲಸಿಟ್ಟ ಮೆರೊಪೆನೆಮ್ ಬಾಳ ಹೊತ್ತು ತಾಳಂಗಿಲ್ಲ, ಅದ ನಿಮಗ ಗೊತ್ತದನು?" ಎಂದರು. "ಮುಂಜಾನಿ ಕಲಸಿ ಸಂಜಿಗಿ ಹಚ್ಚಿದ್ರ ಬರೇ ಉಪ್ಪುನೀರು. ಪ್ರತಿ ಸಲ ಹೊಸಾದು ಕಲಸ್ಬೇಕು. ಪಂಪು ಕೆಟ್ಟಾವ, ಹನಿ ಎಣಿಸಿ ಬಿಡ್ಬೇಕು. ಕಿಡ್ನಿ ಬಿದ್ದಾದ, ಎಂಟು ತಾಸಿಗೊಮ್ಮಿ ಆಗಂಗಿಲ್ಲ. ಎರಡ್ ಗ್ರಾಂ, ಹನ್ನೆರಡ್ ತಾಸಿಗೊಮ್ಮಿ. ಇದು ನನ್ನ ಕೆಲಸ. ನಿಮ್ಮ ಕೆಲಸ ಏನಂದ್ರ..." ಒಂದು ಕಾಗದ ಅವನ ಕಡೆ ನೂಕಿದರು. "ಬರೀರಿ. ಕೊಲಿಸ್ಟಿನ್ ರಿಪೋರ್ಟ್ ಹಿಂದ ತಗೊಂಡೀನಿ ಅಂತ. ಈಕಿ ಏನಾರ ಆದ್ರ ಇಬ್ಬರೂ ಕೂಡಿ ಉತ್ತರಾ ಕೊಡೂಣು."

ಅವನು ಬರೆದ. ಕೆಳಗೆ ಸಹಿ ಹಾಕಿ ಕಾಗದ ತಿರುಗಿಸಿ ಕೊಟ್ಟ.

ಆ ಸಂಜೆ ಐದಕ್ಕೆ ಮೊದಲ ಬಾಟಲಿ ಹಚ್ಚಿದರು. ಮಚ್ಛೇಂದ್ರ ಲ್ಯಾಬಿಗೆ ಇಳಿದು ಫ್ರಿಜ್ಜಿನ ಶೀಶೆ ತೆಗೆದ. ನೀರಿಲ್ಲದೆ ಡಿಸ್ಟಿಲ್ ಮಾಡುವ ಉಪಕರಣ ಮೂಲೆ ಹಿಡಿದಿತ್ತು. ಇಂಜೆಕ್ಷನ್ ನೀರಿನ ಬಾಟಲಿ ಒಡೆದು ಪುಡಿ ಕರಗಿಸಿದ. ಸಣ್ಣ ಗುಳಿಗಳ ತಟ್ಟೆಯಲ್ಲಿ ಒಂದು ಸಾಲು ಕೇಶರಬಾಯಿಯ ರೋಗಾಣುವಿಗೆ, ಒಂದು ಸಾಲು ಉತ್ತರ ಮೊದಲೇ ಗೊತ್ತಿರುವ ಒಳ್ಳೆಯ ರೋಗಾಣುವಿಗೆ. ಪರೀಕ್ಷೆಯೇ ಕೆಟ್ಟಿದ್ದರೆ ಎರಡನೆಯ ಸಾಲು ಹೇಳುತ್ತದೆ. ಮೊದಲ ಗುಳಿಯಲ್ಲಿ ಕೊಲಿಸ್ಟಿನ್ ಕಾಲು ಅಂಶ, ಮುಂದಿನದರಲ್ಲಿ ಅರ್ಧ, ಒಂದು, ಎರಡು, ನಾಲ್ಕು, ಎಂಟು, ಹದಿನಾರು. ಪ್ರತಿ ಗುಳಿಗೂ ಹಿಂದಿನದರ ಎರಡರಷ್ಟು. ಎಲ್ಲದಕ್ಕೂ ರೋಗಾಣು ಬಿಟ್ಟು ತಟ್ಟೆಯನ್ನು ಕಾವಿನ ಪೆಟ್ಟಿಗೆಗೆ ಇಟ್ಟ. ಬೆಳೆಯಲು ರಾತ್ರಿಯೆಲ್ಲ ಬೇಕು. ಗಂಜಿನ ಕೋಣೆಗೆ ಹೋಗಿ ಮಲಗಿದ. ನಿದ್ದೆ ಬರಲಿಲ್ಲ. ಹೇಳಿಕೊಳ್ಳಲು ಯಾರಾದರೂ ಇದ್ದಿದ್ದರೆ ಬರುತ್ತಿತ್ತೇನೋ. ಅಣ್ಣನಿಗೆ ಫೋನು ಹಚ್ಚಿದ. ಅಣ್ಣ ಡ್ಯೂಟಿಯಲ್ಲಿದ್ದೇನೆ, ನಾಳೆ ಮಾಡು ಎಂದ.

ಮರುದಿನ ಹೊತ್ತು ನೆತ್ತಿಗೇರುತ್ತಿರುವಾಗ ತಟ್ಟೆ ತೆಗೆದು ಕಿಟಕಿಗೆ ಹಿಡಿದ. ರೋಗಾಣು ಬೆಳೆದರೆ ಗುಳಿಯ ತಳದಲ್ಲಿ ಅಂಗಿಯ ಬಿಳಿ ಗುಂಡಿಯಂತೆ ಕೂರುತ್ತದೆ. ಬೆಳೆಯದಿದ್ದರೆ ನೀರು ತಿಳಿಯಾಗಿರುತ್ತದೆ. ಒಳ್ಳೆಯ ರೋಗಾಣುವಿನ ಸಾಲು ಮೊದಲು ನೋಡಿದ. ಅರ್ಧದಿಂದ ತಿಳಿ. ಪರೀಕ್ಷೆ ನೆಟ್ಟಗಿದೆ. ಈಗ ಕೇಶರಬಾಯಿಯ ಸಾಲು. ಕಾಲು ಅಂಶದ ಗುಳಿಯಲ್ಲಿ ಬಿಳಿ ಗುಂಡಿ. ಅರ್ಧಕ್ಕೆ ಬಿಳಿ. ಪಾಯಿಂಟ್ ಐದು ಎಂದರೆ ಈ ಅರ್ಧವೇ, ರೋಗಾಣು ಇಲ್ಲೇ ನಿಂತಿತೆಂದಲ್ಲವೇ ಯಂತ್ರ ಹೇಳಿದ್ದು? ಒಂದಕ್ಕೆ ಬಿಳಿ, ಎರಡಕ್ಕೆ ಬಿಳಿ, ನಾಲ್ಕಕ್ಕೂ ಸಣ್ಣದೊಂದು ಗುಂಡಿ. ಎಂಟಕ್ಕೆ ತಿಳಿನೀರು.

ಎಂಐಸಿ ಎಂಟು. ಅಷ್ಟು ಕೊಲಿಸ್ಟಿನ್ ಮನುಷ್ಯನ ರಕ್ತದಲ್ಲಿ ನಿಲ್ಲಿಸಿದರೆ ರೋಗಾಣುವಿಗಿಂತ ಮೊದಲು ಮನುಷ್ಯ ಸಾಯುತ್ತಾನೆ.

ತಾನು ಗೆದ್ದೆ ಎಂದು ಅವನಿಗೆ ಅನ್ನಿಸಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟ. ಎರಡು ದಿನ ಅವಳ ತುಟಿಯ ಮೇಲೆ ಇರುವೆ ಹರಿದದ್ದು ಅವನ ಸಹಿಯ ಕೆಳಗೆ. ಇದನ್ನು ನೋಡು ಎಂದು ತೋರಿಸಲು ಲ್ಯಾಬಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸಮದ ಸಾಹೇಬರಿಗೆ ಫೋನು ಹಚ್ಚಿ ಎಂಟು ಎಂದ.

"ಛಲೋ ಆತು ನಿನ್ನೇ ಬಂದ್ರಿ," ಎಂದರು ಅವರು. "ಗ್ವಾಡಿ ಮ್ಯಾಲಿನ ನಿಮ್ಮ ಚಾರ್ಟ್ ಕೆಳಗ ಒಂದು ಸಾಲು ಸೇರಿಸ್ರಿ. ಬ್ಯಾರೆ ಊರಾಗ ದವಾಖಾನಿ ಕಂಡು ಬಂದವ್ರಿಗೆ ಈ ಲೆಕ್ಕ ಹೊಂದಂಗಿಲ್ಲ ಅಂತ. ನಾನೂ ಕೇಳೂ ರೀತಿ ಬದಲ್ ಮಾಡ್ತೇನಿ. ಹೇಳಿದ್ರ ಹೊರಗ ಹಾಕಂಗಿಲ್ಲ ಅಂತ ಮೊದ್ಲ ಹೇಳಿ, ಆಮ್ಯಾಲ ಕೇಳ್ತೇನಿ."

ಜ್ವರ ಒಮ್ಮೆಲೇ ಬಿಡಲಿಲ್ಲ. ಏರುವುದು ನಿಂತಿತು, ಆಮೇಲೆ ಇಳಿಯಿತು. ಕುಸಿಯುತ್ತಿದ್ದ ಬಿಪಿ ಒಂದು ಹದಕ್ಕೆ ಬಂತು. ಕ್ರಿಯಾಟಿನಿನ್ ಹಟಮಾರಿ ಹಾಗೆ ಇದ್ದಲ್ಲೇ ಇದ್ದು, ಬಳಿಕ ಒಂದೊಂದೇ ಚೂರು ಕೆಳಗಿಳಿಯಿತು. ಮತ್ತೆ ತೆಗೆದ ರಕ್ತದ ಬಾಟಲಿಯನ್ನು ಮಚ್ಛೇಂದ್ರ ಯಂತ್ರಕ್ಕೆ ಹಾಕಿ ದಿನಾ ಮುಂಜಾನೆ ಹೋಗಿ ನೋಡುತ್ತಿದ್ದ. ಅವನ ಕಸುಬಿನಲ್ಲಿ ಒಳ್ಳೆಯ ಸುದ್ದಿ ಎಂದರೆ ಏನೂ ಆಗದಿರುವುದು. ಬಾಟಲಿಯಲ್ಲಿ ಏನೂ ಬೆಳೆಯಲಿಲ್ಲ. ಕಾಯುವ ಅವಧಿ ಪೂರ್ತಿ ಮುಗಿದ ದಿನ, ರಿಪೋರ್ಟು ಆಯಾಳ ಕೈಯಲ್ಲಿ ಕಳಿಸದೆ ತಾನೇ ತೆಗೆದುಕೊಂಡು ಹೋದ.

ಸಂಜೆಯ ಬಾಟಲಿ ಆಗಷ್ಟೇ ಹಚ್ಚಿದ್ದರು. ಕೇಶರಬಾಯಿ ಗೋಡೆಗೆ ಒರಗಿ ಕುಳಿತು ಬಟನ್ ಫೋನು ಕಿವಿಗೆ ಹಿಡಿದಿದ್ದಳು. ಆ ಕಡೆಯಿಂದ ಮರಾಠಿಯಲ್ಲಿ, ನೀವು ಕರೆ ಮಾಡಿದವರು ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಹೆಣ್ಣುದನಿ ಹೇಳುತ್ತಿತ್ತು. ಅವಳು ಅದನ್ನು ಪೂರ್ತಿ ಕೇಳಿ ಫೋನು ಇಳಿಸಿದಳು.

"ಕಬ್ಬಿನ ಫಡದಾಗ ರೇಂಜ್ ಬರಂಗಿಲ್ಲ," ಎಂದಳು, ಅವನು ಕೇಳದಿದ್ದರೂ.

"ಅವ್ವಾ, ರಕ್ತ ಸಾಫ್ ಆಗ್ಯಾದ. ಏನೂ ಬೆಳದಿಲ್ಲ."

"ಅಂದ್ರ ನಾ ಸಾಯಂಗಿಲ್ಲ?"

"ಈ ರೋಗದಾಗ ಇಲ್ಲ."

ಅವಳು ನಕ್ಕಳು. ಒಡೆದ ತುಟಿ ನೋಯಿಸಿ ನಗು ಅರ್ಧಕ್ಕೆ ನಿಂತಿತು. "ಛಲೋ ಸುದ್ದಿ ತಂದಿದಿ. ಯಾರ ಮುಂದ ಹೇಳ್ಲಿ ನಾ ಇದನ್ನ?"

ಮಚ್ಛೇಂದ್ರ ರಿಪೋರ್ಟನ್ನು ಅವಳ ದಿಂಬಿನ ಪಕ್ಕ ಇಟ್ಟ. ಹೋಗಲು ಅವನು ತಿರುಗಿದ.

"ಇದು ಮುಗಿಲಿಕ್ಕ ಮೂರ್ ತಾಸು ಹಿಡೀತದ," ಎಂದಳು ಅವಳು, ಹನಿಯುವ ಬಾಟಲಿ ನೋಡುತ್ತಾ. "ನಿನಗ ಬ್ಯಾರೆ ಕೆಲಸ ಅದನು?"

ಇತ್ತು. ಲ್ಯಾಬಿನಲ್ಲಿ ಹನ್ನೆರಡು ತಟ್ಟೆ ಕಾದಿದ್ದವು.

"ಅದ. ಆಮ್ಯಾಲ ಮಾಡ್ತೇನಿ."

ಅವನು ಸ್ಟೂಲು ಎಳೆದುಕೊಂಡ. ಅವಳು ಡಾಬಕಾದ ಬಾವಿ ಬತ್ತಿದ ಕಥೆ ಶುರುಮಾಡಿದಳು. ಅವನು ಹನಿಯ ಮೇಲೆ ಕಣ್ಣಿಟ್ಟು ಕೇಳಿದ. ಹನಿ ಜೋರಾದಾಗ ಚಕ್ರ ತಿರುವಿ ನಿಧಾನ ಮಾಡಿದ. ಬಿಸಿಲು ಗೋಡೆ ಬಿಟ್ಟು ಇಳಿಯಿತು. ಬಾಟಲಿ ಅರ್ಧಕ್ಕೆ ಬಂದಾಗ ಅವಳು ಮಾತು ನಿಲ್ಲಿಸಿ, ನಿಮ್ಮ ಮನಿ ಕಡಿ ಹೇಳು ಎಂದಳು. ಅವನು ಹನಿಯ ಚಕ್ರ ಇನ್ನೊಮ್ಮೆ ಸರಿಮಾಡಿದ. ಆಮೇಲೆ, ಊರಲ್ಲಿ ಬೀಗ ಬಿದ್ದ ತನ್ನ ಮನೆಯ ಬಾಗಿಲು ಯಾವ ಬಣ್ಣದ್ದೆಂದು ಹೇಳಿದ.